ಜಾವಾದಿಂದ ಡೇಟಾ ಸೈನ್ಸ್‌ಗೆ: ಜನವರಿಯಿಂದ ಜೂನ್‌ವರೆಗಿನ ನನ್ನ ಓದಿನ ಯೋಜನೆ

ವಾರದಲ್ಲಿ ಐದು ದಿನ ಬೆಳಗ್ಗೆ 5:30ರಿಂದ 7, ಶನಿವಾರ ನಾಲ್ಕು ಗಂಟೆ. ಭಾನುವಾರ ಮನೆಯವರದ್ದು. ರಿಲೀಸ್ ಇರುವ ವಾರ ಇದರಲ್ಲಿ ಅರ್ಧವಾದರೂ ಸಾಕು.

ಜನವರಿ: ಎಂಟು ವರ್ಷ ಜಾವಾ ಬರೆದ ಕೈಗೆ ಪೈಥಾನ್ ಎರಡು ವಾರದ ಕೆಲಸ. ಆಮೇಲೆ ಕೋಷ್ಟಕದ ಡೇಟಾ ನಿಭಾಯಿಸುವ ಲೈಬ್ರರಿ ಪಾಂಡಾಸ್. ಸಾಲುಸಾಲಿಗೂ ಲೂಪ್ ಹಾಕುವ ಚಾಳಿ ಬಿಡಬೇಕು. ಎಸ್‌ಕ್ಯುಎಲ್‌ನಲ್ಲಿ ವಿಂಡೋ ಫಂಕ್ಷನ್ ಮಾತ್ರ ಬಾಕಿ.

ಫೆಬ್ರವರಿ, ಮಾರ್ಚ್: ಸಂಖ್ಯಾಶಾಸ್ತ್ರ, ಸಂಭವನೀಯತೆ, ಸ್ವಲ್ಪ ಮ್ಯಾಟ್ರಿಕ್ಸ್. ಇಲ್ಲಿ ಅವಸರ ಕೂಡದು. ನಮ್ಮ ಕಸುಬಿನಲ್ಲಿ ಕೋಡ್ ತಪ್ಪಿದರೆ ಹೆಚ್ಚಾಗಿ ಎರರ್ ಬರುತ್ತದೆ. ತಪ್ಪು ಮಾಡೆಲ್ ಮಾತ್ರ ಸದ್ದಿಲ್ಲದೆ ಓಡಿ, ಚೆಂದದ ಅಂಕಿಯನ್ನೇ ಕೊಡುತ್ತದೆ. ಬೇಯ್ಸ್ ನಿಯಮ, ಕಾನ್ಫಿಡೆನ್ಸ್ ಇಂಟರ್ವಲ್, ಹೈಪಾಥಿಸಿಸ್ ಟೆಸ್ಟ್: ಮೂರನ್ನೂ ಕಾಗದದ ಮೇಲೆ ಕೈಯಾರೆ ಮಾಡಬೇಕು.

ಏಪ್ರಿಲ್: ಮಾಡೆಲ್ ಕಟ್ಟುವ ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್. ಲೀನಿಯರ್ ಮತ್ತು ಲಾಜಿಸ್ಟಿಕ್ ರಿಗ್ರೆಶನ್, ರ‍್ಯಾಂಡಮ್ ಫಾರೆಸ್ಟ್.

ಮೇ: ಸ್ವಂತ ಪ್ರಾಜೆಕ್ಟ್. ಊರಲ್ಲಿ ಅಪ್ಪ ದಿನಾ ವಿಚಾರಿಸುವ ಶಿವಮೊಗ್ಗದ ಅಡಿಕೆ ಧಾರಣೆಯೇ ವಿಷಯ, ದರಗಳು ಸರ್ಕಾರದ ಕೃಷಿ ಮಾರುಕಟ್ಟೆ ತಾಣ ಅಗ್‌ಮಾರ್ಕ್‌ನೆಟ್‌ನಿಂದ. ದಿನಾಂಕದ ಕ್ರಮದಲ್ಲಿ ಜೋಡಿಸಿದ ಮೇಲೆ, ಕೊನೆಯ ಶೇ. 20ರಷ್ಟನ್ನು ಪರೀಕ್ಷೆಗೆ ಎತ್ತಿಡುವುದು:

```python
train_test_split(X, y, test_size=0.2, shuffle=False)
```

`shuffle=False` ಮರೆತರೆ ನಾಳೆಯ ದರ ನೋಡಿ ನಿನ್ನೆಯದನ್ನು ಊಹಿಸಿದಂತೆ. ಜೊತೆಗೆ "ನಿನ್ನೆಯ ದರವೇ ಇಂದಿಗೂ" ಎಂಬ ಸರಳ ಊಹೆಯನ್ನು ಮಾಡೆಲ್ ಸೋಲಿಸಲೇಬೇಕು.

ಜೂನ್: ಮಾಡೆಲನ್ನು ಫಾಸ್ಟ್‌ಎಪಿಐ, ಡಾಕರ್‌ನಲ್ಲಿ ವೆಬ್ ಸೇವೆಯಾಗಿ ಓಡಿಸುವುದು. ನನ್ನ ಹಳೆಯ ಅನುಭವ ಬೆಲೆ ಪಡೆಯುವ ಜಾಗ ಇದೇ. ಹೊರಗೆ ಅರ್ಜಿ ಹಾಕುವ ಮೊದಲು ನಮ್ಮ ಆಫೀಸಿನ ಅನಲಿಟಿಕ್ಸ್ ತಂಡದ ಮ್ಯಾನೇಜರ್ ಬಳಿ ಒಂದು ಸಣ್ಣ ಕೆಲಸ ಕೇಳುವುದು.

ಡೀಪ್ ಲರ್ನಿಂಗ್ ಜುಲೈ ನಂತರ.