ಏಳರಿಂದ ಎಂಟಕ್ಕೆ: ಮಕ್ಕಳು ಕೈಬಿಟ್ಟುಹೋಗುವ ಜಾಗ

ಯಾದಗಿರಿ, ರಾಯಚೂರು ಕಡೆಯ ಯಾವುದೇ ಹಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ಜೂನ್ ಪುಟವನ್ನೂ ನವೆಂಬರ್ ಪುಟವನ್ನೂ ಒಟ್ಟಿಗೆ ತೆರೆದು ನೋಡಬೇಕು. ಜೂನ್ ಪುಟ ತುಂಬಿರುತ್ತದೆ. ದಾಖಲಾತಿ ಆಂದೋಲನ ಆಗಿರುತ್ತದೆ, ಪಠ್ಯಪುಸ್ತಕ, ಸಮವಸ್ತ್ರ ಬರುತ್ತಿರುತ್ತವೆ. ನವೆಂಬರಿನಲ್ಲಿ ಅದೇ ಹೆಸರುಗಳ ಮುಂದೆ ‘ಗೈ, ಗೈ, ಗೈ’ ಎಂದು ಸಾಲು ಹಿಡಿದಿರುತ್ತದೆ. ಹತ್ತಿ ಬಿಡಿಸುವ ಕಾಲ ಅದು. ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ಆ ಮಕ್ಕಳೆಲ್ಲ ಶಾಲೆಯಲ್ಲೇ ಇದ್ದಾರೆ, ಏಕೆಂದರೆ ಲೆಕ್ಕ ನಡೆಯುವುದು ದಾಖಲಾತಿಯ ಮೇಲೆ.

ಕಾನೂನಿನಲ್ಲಿ ಕೊರತೆ ತೀರಾ ಹೆಚ್ಚಿಲ್ಲ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಆ ಗಡುವು 1960ಕ್ಕೇ ಮುಗಿಯಿತು. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ತಂದು ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿ.ಸಿ. ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಬಿಟ್ಟುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಎಂಟನೇ ತರಗತಿ ಮುಗಿಸುವ ಮೊದಲೇ ಹದಿನಾಲ್ಕು ತುಂಬಿದರೂ, ಹೀಗೆ ಸೇರಿದ ಮಗುವಿಗೆ ಮುಗಿಸುವ ತನಕ ಉಚಿತ ಶಿಕ್ಷಣದ ಹಕ್ಕಿದೆ. ಈ ಕೊನೆಯ ಮಾತು ಎಷ್ಟೋ ಮುಖ್ಯ ಶಿಕ್ಷಕರಿಗೂ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರಿಗೂ ಗೊತ್ತಿರುವುದಿಲ್ಲ.

ಮಕ್ಕಳು ಕೈಬಿಟ್ಟುಹೋಗುವುದು ಮೂರು ಕಡೆ. ಮೊದಲನೆಯದು ನಮ್ಮ ಶಾಲಾ ರಚನೆಯೊಳಗೇ ಇದೆ, ಅದರ ಬಗ್ಗೆ ಚರ್ಚೆ ತೀರಾ ಕಡಿಮೆ. ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಒಂದರಿಂದ ಎಂಟರವರೆಗೆ. ಕರ್ನಾಟಕದ ಹೆಚ್ಚಿನ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಎಂಟು ಪ್ರೌಢಶಾಲೆಯಲ್ಲಿ ಶುರುವಾಗುತ್ತದೆ. ಹೀಗಾಗಿ ಕಾನೂನು ಕಡ್ಡಾಯವೆನ್ನುವ ಕೊನೆಯ ವರ್ಷಕ್ಕೆ ಮಗು ಶಾಲೆಯನ್ನೇ ಬದಲಿಸಬೇಕು, ಬಹಳ ಸಲ ಊರನ್ನೂ ದಾಟಬೇಕು. ಹುಡುಗಿಗೆ ಆಗ ಹನ್ನೆರಡೋ ಹದಿಮೂರೋ. ದೊಡ್ಡವಳಾಗಿರುತ್ತಾಳೆ. ಮೂರು ಕಿಲೋಮೀಟರ್ ದಾರಿಯಲ್ಲಿ ಜೊತೆಗೆ ಬರುವ ಗೆಳತಿ ಇಲ್ಲದಿದ್ದರೆ ಮನೆಯವರು ಕಳಿಸುವುದಿಲ್ಲ. ಅದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ, ದಾರಿಯ ಭಯ ನಿಜವಾದದ್ದು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸು ಬೆಳಗ್ಗೆ ಎಂಟಕ್ಕೆ ಬಂದು ಮತ್ತೆ ಬರುವುದು ಸಂಜೆ ಏಳಕ್ಕಾದರೆ ಟಿಕೆಟ್ ಇಲ್ಲದಿದ್ದರೂ ಪ್ರಯೋಜನವಿಲ್ಲ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುಮಾಡಿದ್ದು ಈ ದಾಟುವಿಕೆಯನ್ನೇ ಗಮನದಲ್ಲಿಟ್ಟುಕೊಂಡು. ಅದನ್ನು ನಿಲ್ಲಿಸಿದ್ದು ತಪ್ಪು.

ಇಲ್ಲಿ ಬೇಕಾದದ್ದು ದೊಡ್ಡ ಯೋಜನೆಯಲ್ಲ, ಹಸ್ತಾಂತರದ ಶಿಸ್ತು. ಈಗ ನಡೆಯುವುದು ಹೀಗೆ: ಏಳು ಮುಗಿದ ಮೇಲೆ ಪಾಲಕರು ಬಂದು ಟಿ.ಸಿ. ತೆಗೆಸಿಕೊಂಡು ಹೋಗುತ್ತಾರೆ. ಆ ಟಿ.ಸಿ. ಮುಂದಿನ ಶಾಲೆಗೆ ಮುಟ್ಟಿತೋ, ಮನೆಯ ಟ್ರಂಕಿನಲ್ಲಿ ಉಳಿಯಿತೋ ಕೇಳುವವರಿಲ್ಲ. ಹಳೆಯ ಶಾಲೆಯ ಲೆಕ್ಕದಿಂದ ಹೆಸರು ಹೋಗಿರುತ್ತದೆ, ಹೊಸ ಶಾಲೆಗೆ ಆ ಹೆಸರು ಬಂದೇ ಇರುವುದಿಲ್ಲ. ಅದರ ಬದಲು ಏಪ್ರಿಲ್ 10ರೊಳಗೆ ಏಳನೇ ತರಗತಿಯ ಪೂರ್ತಿ ಪಟ್ಟಿಯನ್ನು ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನ ಸಂಖ್ಯೆ, ಪಾಲಕರ ಫೋನ್ ನಂಬರ್ ಸಮೇತ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮೂಲಕ ಪ್ರೌಢಶಾಲೆಗೆ ಕಳಿಸಬೇಕು. ಟಿ.ಸಿ.ಗಳು ಶಾಲೆಯಿಂದ ಶಾಲೆಗೇ ಹೋಗಬೇಕು. ಜೂನ್ 15ಕ್ಕೆ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಪಟ್ಟಿಗೆ ಟಿಕ್ ಹಾಕಿ, ಬಾರದವರ ಹೆಸರನ್ನು ಬಿಇಒಗೆ ಕೊಡಬೇಕು. ಬೇರೆ ಕಡೆ ಸೇರಿದ್ದರೆ ಎಸ್‌ಎಟಿಎಸ್‌ನಲ್ಲೇ ಕಾಣುತ್ತದೆ. ಎಲ್ಲೂ ಕಾಣದ ಹೆಸರುಗಳ ಮನೆಗೆ ಆ ವಾರವೇ ಹೋಗಬೇಕು. ಆಗಸ್ಟಿಗೆ ಹೋದರೆ ಹುಡುಗಿ ಹೊಲದಲ್ಲಿರುತ್ತಾಳೆ, ಇಲ್ಲವೇ ಮದುವೆಯ ಮಾತು ಶುರುವಾಗಿರುತ್ತದೆ.

ಎರಡನೆಯದು ಗುಳೆ. ದೀಪಾವಳಿಯ ಆಸುಪಾಸಿನಲ್ಲಿ ಮೇಸ್ತ್ರಿಯ ಮುಂಗಡ ಹಿಡಿದ ಕುಟುಂಬಗಳು ಕಬ್ಬು ಕಡಿಯಲು, ಬೆಂಗಳೂರು, ಗೋವಾ, ಮುಂಬೈಯ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಕ್ಕಳನ್ನು ಬಿಟ್ಟುಹೋಗಲು ಅಜ್ಜಿ ಇದ್ದರೆ ಸರಿ, ಇಲ್ಲದಿದ್ದರೆ ಜೊತೆಗೇ. ಹಿರಿಯ ಮಗಳು ಹೋಗುವುದು ಹೆಚ್ಚಾಗಿ ದುಡಿಯಲಲ್ಲ, ತಮ್ಮನನ್ನು ಎತ್ತಿಕೊಂಡಿರಲು, ರೊಟ್ಟಿ ಬಡಿಯಲು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಗೆ ಇದು ಕೆಲಸವೇ ಅಲ್ಲ. ಋತುಮಾನದ ವಸತಿ ಕೇಂದ್ರಗಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅವು ಎಡವುವುದು ತಾರೀಖಿನಲ್ಲಿ. ಕುಟುಂಬಗಳು ನವೆಂಬರಿನಲ್ಲಿ ಹೊರಟರೆ ಕೇಂದ್ರ ಅಕ್ಟೋಬರಿನಲ್ಲೇ ತೆರೆದಿರಬೇಕು, ಅಡುಗೆಯವರು ಬಂದಿರಬೇಕು, ರಾತ್ರಿ ಉಳಿಯುವ ಮಹಿಳಾ ಮೇಲ್ವಿಚಾರಕಿ ಯಾರೆಂದು ತಾಯಿಗೆ ಗೊತ್ತಿರಬೇಕು. ಮಂಜೂರಾತಿ ಜನವರಿಗೆ ಬಂದರೆ ಊರಲ್ಲಿ ಉಳಿದಿರುವ ಮಕ್ಕಳನ್ನೇ ಕರೆದು ಕೇಂದ್ರ ತುಂಬಿಸಬೇಕಾಗುತ್ತದೆ. ಹಿಂದಿನ ಎರಡು ವರ್ಷದ ನವೆಂಬರ್-ಮಾರ್ಚ್ ಹಾಜರಿ ನೋಡಿದರೆ ಈ ವರ್ಷ ಯಾವ ಮನೆ ಹೊರಡುತ್ತದೆಂದು ಜುಲೈನಲ್ಲೇ ಹೇಳಬಹುದು. ಬೇಡಿಕೆಯ ಪಟ್ಟಿಯನ್ನು ಆಗಲೇ ಕಳಿಸಬೇಕು.

ಊರಲ್ಲೇ ಉಳಿದು ಕೂಲಿಗೆ ಹೋಗುವ ತಾಯಂದಿರದು ಇನ್ನೊಂದು ಲೆಕ್ಕ. ಅವರು ಏಳಕ್ಕೆ ಹೊರಟರೆ ಅಂಗನವಾಡಿ ತೆರೆಯುವುದು ಎಷ್ಟೋ ಹೊತ್ತಿನ ಮೇಲೆ. ಆ ನಡುವಿನ ಹೊತ್ತಿಗೆ ಕೂಸು ಹಿಡಿಯುವವಳು ಆರನೇ ತರಗತಿಯ ಅಕ್ಕ. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯನ್ನು ನರೇಗಾ ಕೂಲಿಕಾರರ ಅನುಕೂಲವೆಂದಷ್ಟೇ ನೋಡದೆ, ಹೆಣ್ಣುಮಕ್ಕಳ ಹಾಜರಾತಿಯ ಯೋಜನೆ ಎಂದೂ ನೋಡಬೇಕು. ಹತ್ತಿಯ ಕಾಲದಲ್ಲಿ ಅದರ ಬಾಗಿಲು ಬೆಳಗ್ಗೆ ಆರೂವರೆಗೆ ತೆರೆಯಬೇಕು.

ಮೂರನೆಯದು ‘ಉಚಿತ’ ಎಂಬ ಮಾತು. ಶುಲ್ಕವಷ್ಟೇ ಅಲ್ಲ, ಶಿಕ್ಷಣ ಮುಗಿಸಲು ಅಡ್ಡಿಯಾಗುವ ಯಾವ ಖರ್ಚೂ ಮಗುವಿನ ಮೇಲೆ ಬೀಳಬಾರದೆಂದು ಕಾಯ್ದೆ ಹೇಳುತ್ತದೆ. ಬಿಸಿಯೂಟ, ಹಾಲು, ಪುಸ್ತಕ ಶಾಲೆಯಲ್ಲೇ ಕೈಗೆ ಸಿಗುವುದರಿಂದ ಅವು ಕೆಲಸ ಮಾಡುತ್ತವೆ. ವಿದ್ಯಾರ್ಥಿವೇತನ ಹಾಗಲ್ಲ. ಆಧಾರಿನಲ್ಲಿ ‘ಲಕ್ಷ್ಮಿ’, ಶಾಲೆಯಲ್ಲಿ ‘ಲಕ್ಷ್ಮೀಬಾಯಿ’ ಎಂದಿದ್ದರೆ ಅರ್ಜಿ ನಿಲ್ಲುತ್ತದೆ. ತಿದ್ದಿಸಲು ತಾಲ್ಲೂಕಿಗೆ ಹೋದ ತಂದೆಯ ಒಂದು ದಿನದ ಕೂಲಿ ಹೋಗುತ್ತದೆ, ಎರಡನೇ ಸಲಕ್ಕೆ ಅವನು ಹೋಗುವುದಿಲ್ಲ. ಆಧಾರ್ ಯಂತ್ರ, ಜಾತಿ-ಆದಾಯ ಪ್ರಮಾಣಪತ್ರ ಕೊಡುವ ನಾಡಕಚೇರಿಯ ಸಿಬ್ಬಂದಿ, ಬ್ಯಾಂಕಿನವರು ವರ್ಷಕ್ಕೊಂದು ದಿನ ಶಾಲೆಗೇ ಬಂದು ಕೂತರೆ ಈ ಓಡಾಟ ತಪ್ಪುತ್ತದೆ.

ಶೌಚಾಲಯದ ಬಗ್ಗೆ ಒಂದೇ ಮಾತು: ಕಟ್ಟಡ ಇದೆಯೇ ಎಂದಲ್ಲ, ಒಳಗಿನಿಂದ ಚಿಲಕ ಬೀಳುತ್ತದೆಯೇ, ಮಧ್ಯಾಹ್ನ ಹನ್ನೆರಡಕ್ಕೆ ನೀರು ಬರುತ್ತದೆಯೇ ಎಂದು ಪರಿಶೀಲಿಸಬೇಕು.

ಇನ್ನು ಕಡ್ಡಾಯದ ಮಾತು. ಹಿಂದೆ ಅರವತ್ತು ದಿನ ಬಾರದಿದ್ದರೆ ಮಾತ್ರ ಶಾಲೆ ಬಿಟ್ಟ ಮಗು ಎಂಬ ಲೆಕ್ಕವಿತ್ತು. ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಕರ್ನಾಟಕದಲ್ಲಿ ಅದು ಏಳು ದಿನಕ್ಕೆ ಇಳಿಯಿತು. ಒಳ್ಳೆಯ ನಿಯಮ, ಆದರೆ ಎಂಟನೇ ದಿನ ಮನೆಗೆ ಹೋಗುವವರು ಯಾರು? ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಹೊರಟರೆ ಅರ್ಧ ಶಾಲೆಯ ಪಾಠ ನಿಲ್ಲುತ್ತದೆ. ಹಾಗಾಗಿ ಗೈರುಹಾಜರಿಯನ್ನು ಮುಚ್ಚಿಡುವುದೇ ಶಾಲೆಗೆ ಸುಲಭವಾಗುತ್ತದೆ. ತನ್ನ ವ್ಯಾಪ್ತಿಯ ಮಕ್ಕಳ ದಾಖಲೆ ಇಡುವ, ಹಾಜರಾತಿ ನೋಡಿಕೊಳ್ಳುವ ಹೊಣೆಯನ್ನು ಕಾಯ್ದೆ ಸ್ಥಳೀಯ ಸಂಸ್ಥೆಗೆ ಕೊಟ್ಟಿದೆ. ಪ್ರತಿ ಸೋಮವಾರ ಏಳು ದಿನದ ಗೈರು ಪಟ್ಟಿ ಪಿಡಿಒಗೆ ಹೋಗಲಿ, ಮನೆಭೇಟಿಗೆ ಪಂಚಾಯಿತಿಯ ಒಬ್ಬರನ್ನು ಗೌರವಧನ ಕೊಟ್ಟು ನೇಮಿಸಲಿ, ವರದಿ ಎಸ್‌ಡಿಎಂಸಿಯ ಮುಂದೆ ಬರಲಿ. ಆ ಸಮಿತಿಯಲ್ಲಿ ತಾಯಂದಿರಿದ್ದಾರೆ, ಯಾವ ಮನೆಯಲ್ಲಿ ಏನಾಗುತ್ತಿದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳ ಗ್ರಾಮಸಭೆಯನ್ನು ನವೆಂಬರ್ 14ರ ಸುತ್ತಮುತ್ತ ನಡೆಸುವ ರೂಢಿಯನ್ನೂ ಬದಲಿಸಬೇಕು. ಆ ಹೊತ್ತಿಗೆ ಮಾತಾಡಬೇಕಾದ ಮಕ್ಕಳು ಊರಲ್ಲಿರುವುದಿಲ್ಲ. ಹತ್ತಿ ಕಾಯಿ ಒಡೆಯುವ ಮೊದಲು, ಆಗಸ್ಟಿನಲ್ಲೇ, ಆ ಸಭೆ ಕೂಡಲಿ.