ವಿಷಯ: ಅಪ್ಪ ತೀರಿಕೊಂಡ ಮೇಲೆ ನನಗೆ ಬೇಕಾದ ಸಹಾಯ, ಬೇಡವಾದ ಸಹಾಯ

ಆಫೀಸಿನ ಎಲ್ಲರಿಗೂ ಶರಣು,

ಮೇ 3ರಂದು ಅಪ್ಪ ಲಿಂಗೈಕ್ಯರಾದರು. ಮಣ್ಣಿಗೆ ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. "ಏನರ ಬೇಕಾದ್ರ ಹೇಳವ್ವಾ" ಅಂತ ಹದಿನೈದಿಪ್ಪತ್ತು ಮಂದಿ ಕೇಳಿದ್ದೀರಿ. ಒಬ್ಬೊಬ್ಬರಿಗೂ ಯೋಚಿಸಿ ಹೇಳುವ ಶಕ್ತಿ ಈಗಿಲ್ಲ. ಆದ್ದರಿಂದ ಒಮ್ಮೆ ಕೂತು ಎಲ್ಲ ಬರೆದಿದ್ದೇನೆ. ಇಲ್ಲಿರುವುದನ್ನು ನನ್ನನ್ನು ಮತ್ತೆ ಕೇಳದೆ ಮಾಡಿದರೆ ಅದೇ ದೊಡ್ಡ ಉಪಕಾರ.

ಮೊದಲು ಕೆಲಸದ ಮಾತು, ಯಾಕೆಂದರೆ ತಾರೀಖು ಕಾಯುವುದಿಲ್ಲ. ಏಪ್ರಿಲ್ ತಿಂಗಳ ಟಿಡಿಎಸ್ 7ರೊಳಗೆ ಕಟ್ಟಬೇಕು, ಅಂದರೆ ನಾಡಿದ್ದು. ತಪ್ಪಿದರೆ ಕಡಿತ ಮಾಡಿದ ದಿನದಿಂದ ತಿಂಗಳಿಗೆ ಶೇ 1.5 ಬಡ್ಡಿ ಬೀಳುತ್ತದೆ, ಒಂದೇ ದಿನ ತಡವಾದರೂ ಪೂರ್ತಿ ತಿಂಗಳ ಲೆಕ್ಕ. ಹಾಳೆ ತಯಾರಿದೆ. ನನ್ನ ಟೇಬಲ್ಲಿನ ಎಡಗಡೆ ಎರಡನೇ ಖಾನೆಯ ಹಸಿರು ಫೈಲಿನಲ್ಲಿ ಮೇಲೇ ಇದೆ. ರೇಣುಕಾ, ಅದರಲ್ಲಿ ಸಾಗಾಣಿಕೆಯವರ ಮೊತ್ತಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ, ಅದೊಂದನ್ನು ಬಿಲ್ಲಿನ ಜೊತೆ ತಾಳೆ ನೋಡಿ ಕಟ್ಟಿಬಿಡು. GSTR-1 11ಕ್ಕೆ ಹೋಗಬೇಕು. GSTR-3B 20ಕ್ಕೆ, ಅಷ್ಟರಲ್ಲಿ ನಾನು ಬಂದಿರುತ್ತೇನೆ, ಅದನ್ನು ಮುಟ್ಟಬೇಡಿ. ಹೇಗೂ 14ಕ್ಕೆ GSTR-2B ಬಂದ ಮೇಲೆಯೇ ಖರೀದಿ ಬಿಲ್ಲು ಹೊಂದಿಸುವುದು. ಪಿಎಫ್ ಮತ್ತು ಇಎಸ್ಐ 15ಕ್ಕೆ, ಮಹಾಂತೇಶಣ್ಣ ನೋಡಿಕೊಳ್ಳಲಿ. ಓಟಿಪಿ ಎಲ್ಲಾ ಸಾಹೇಬರ ಫೋನಿಗೇ ಬರುತ್ತವೆ, ನನ್ನನ್ನು ಕೇಳುವ ಪ್ರಮೇಯವಿಲ್ಲ.

ರೈತರ ಬಾಕ್ಸಿನ ಪಾವತಿಗಳಲ್ಲಿ ಒಂದು ಎಚ್ಚರಿಕೆ. ಮನುಕ ತುಂಬಿದ ಬಾಕ್ಸು 15 ಕೆಜಿ ಅಂತ ಹಿಡಿದು ಗುಣಿಸಬೇಡಿ, ಕಾಟಾ ಚೀಟಿಯ ತೂಕವನ್ನೇ ಬರೆಯಿರಿ. ಈ ಸೀಜನ್ನಿನಲ್ಲಿ ಎರಡು ಸಲ ಹೀಗೇ ಫರಕು ಬಂದು ಜಗಳಕ್ಕೆ ಹೋಗಿತ್ತು.

ಇನ್ನು ಮಾತಾಡಿಸಲು ಬರುವ ವಿಚಾರ. ಬರಬೇಡಿ ಅನ್ನುವುದಿಲ್ಲ. ಅವ್ವನಿಗೆ ಮಂದಿ ಬಂದು ಕೂತರೆ ಹಗುರಾಗುತ್ತದೆ, ಅಪ್ಪನ ಸುದ್ದಿ ಹೇಳುತ್ತಾ ಕೂರುತ್ತಾಳೆ. ಆದರೆ ಇಪ್ಪತ್ತೆರಡು ಜನ ಒಂದೇ ಟೆಂಪೋದಲ್ಲಿ ಬಂದರೆ ಪಡಸಾಲೆ ಹಿಡಿಸುವುದಿಲ್ಲ, ನಾವು ಕುರ್ಚಿ ಹುಡುಕುತ್ತಾ ಓಡಾಡಬೇಕಾಗುತ್ತದೆ. ನಾಲ್ಕು ನಾಲ್ಕು ಮಂದಿ ಬನ್ನಿ. ಬೆಳಿಗ್ಗೆ 9ರಿಂದ 11, ಇಲ್ಲವೇ ಸಂಜೆ 5ರ ಮೇಲೆ. ಮಧ್ಯಾಹ್ನ ಅವ್ವ ಗುಳಿಗೆ ತಗೊಂಡು ಮಲಗುತ್ತಾಳೆ, ಆ ಬಿಸಿಲಿನಲ್ಲಿ ವಿಜಯಪುರದಿಂದ ಬಾಗೇವಾಡಿ ದಾಟಿ ಬರುವುದು ನಿಮಗೂ ತ್ರಾಸು. ಅರ್ಧ ತಾಸು ಕೂತರೆ ಸಾಕು. ಹೊರಡುವಾಗ "ಬರ್ತೀವಿ" ಅನ್ನಬಾರದು ಅಂತ ಕಂಬ ಹಿಡಿದುಕೊಂಡು ನಿಲ್ಲುತ್ತೀರಲ್ಲ, ಸುಮ್ಮನೆ ಕೈ ಮುಗಿದು ಹೊರಡಿ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಸೂತಕ ಹಿಡಿಯುವುದಿಲ್ಲ. ಚಹಾ ಕೊಟ್ಟರೆ ಕುಡಿಯಿರಿ.

ಅವ್ವನ ಹಣೆಯ ಮೇಲೆ ವಿಭೂತಿಯ ಕೆಳಗೆ ಕುಂಕುಮ ಹಾಗೇ ಇದೆ, ಕೈಯಲ್ಲಿ ಹಸಿರು ಬಳೆಯೂ ಇವೆ. ತೆಗೆಯುವುದಿಲ್ಲ ಅಂದಳು, ಸರಿ ಅಂದೆವು. ಅದನ್ನು ನೋಡಿ ಪಕ್ಕದವರ ಕಿವಿಯಲ್ಲಿ ಪಿಸುಗುಡುವವರಿದ್ದರೆ ಬರುವುದೇ ಬೇಡ. ಇದೊಂದು ಮಾತಿನಲ್ಲಿ ನಾನು ಗಟ್ಟಿ.

"ವಯಸ್ಸಾಗಿತ್ತು ಬಿಡು", "ಸೊಲ್ಲಾಪುರಕ್ಕೆ ಒಯ್ದಿದ್ದರ ಉಳೀತಿದ್ರು", ಈ ಎರಡೂ ಮಾತು ಅವ್ವನ ಮುಂದೆ ಬೇಡ. ಮೊದಲನೆಯದು ಸಮಾಧಾನ ಕೊಡುವುದಿಲ್ಲ, ಎರಡನೆಯದು ರಾತ್ರಿಯೆಲ್ಲಾ ನಿದ್ದೆ ಕೆಡಿಸುತ್ತದೆ. ಹೊಲದ ಪೌತಿ ಖಾತೆ, ಅಣ್ಣ ತಮ್ಮಂದಿರ ಪಾಲಿನ ವಿಚಾರವನ್ನೂ ಯಾರೂ ಎತ್ತಬೇಡಿ. ಅಪ್ಪನ ಫೋಟೋ ಸ್ಟೇಟಸ್‌ಗೆ ಹಾಕಿದವರು ದಯವಿಟ್ಟು ತೆಗೆಯಿರಿ, ಅದನ್ನು ನೋಡಿ ದೂರದ ಬಳಗದವರು ಈಗಲೂ ಗಾಬರಿಯಾಗಿ ಫೋನ್ ಮಾಡುತ್ತಿದ್ದಾರೆ.

ಊಟ ತರುವವರಿಗೆ. ಮನೆಯಲ್ಲಿ ನಾವು ಹದಿನಾಲ್ಕು ಮಂದಿ, ಅದರಲ್ಲಿ ನಾಲ್ಕು ಸಣ್ಣ ಹುಡುಗರು. ನಿನ್ನೆ ಮೂರು ಮನೆಯಿಂದ ಬದನೇಕಾಯಿ ಪಲ್ಯವೇ ಬಂತು, ಈ ಬಿಸಿಲಿಗೆ ಸಂಜೆಯೊಳಗೆ ಹುಳಿತು, ಅರ್ಧ ದನಕ್ಕೆ ಹಾಕಿದೆವು. ಬುತ್ತಿ ತರುವುದಾದರೆ ಹಿಂದಿನ ದಿನ ರೇಣುಕಾಗೆ ಹೇಳಿ, ದಿನಕ್ಕೆ ಒಂದೇ ಮನೆಯಿಂದ ಬರಲಿ. ಕಟಕ ರೊಟ್ಟಿ ನಲವತ್ತು, ಶೇಂಗಾ ಹಿಂಡಿ, ಹೆಪ್ಪು ಹಾಕಿದ ಮೊಸರು ಎರಡು ಲೀಟರ್, ಇಷ್ಟಾದರೆ ಮಧ್ಯಾಹ್ನ, ರಾತ್ರಿ ಎರಡೂ ಕಳೆಯುತ್ತದೆ. ಬಿಸಿ ರೊಟ್ಟಿ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಬೆವರಿ ಮೆತ್ತಗಾಗುತ್ತವೆ. ಸಿಹಿ ಬೇಡ, ಅವ್ವನಿಗೆ ಸಕ್ಕರೆ ಕಾಯಿಲೆ. ಡಬ್ಬಿಯ ತಳಕ್ಕೂ ಮುಚ್ಚಳಕ್ಕೂ ಹೆಸರು ಬರೆದ ಚೀಟಿ ಅಂಟಿಸಿ. ಈಗಲೇ ಒಡೆಯರಿಲ್ಲದ ಆರು ಮುಚ್ಚಳ ಅಡುಗೆಮನೆಯಲ್ಲಿ ಕೂತಿವೆ.

ದುಡ್ಡಿನ ಪಟ್ಟಿ ಎತ್ತಬೇಡಿ. ತಲಾ 200 ರೂಪಾಯಿ ಶುರುವಾಗಿದೆ ಅಂತ ಕೇಳಿದೆ. ಕೊಟ್ಟವರಿಗೆ ಹಿಂತಿರುಗಿಸಿ, ನಮಗೆ ಈಗ ದುಡ್ಡಿನ ಅಡಚಣೆ ಇಲ್ಲ. ಹಮಾಲರಿಂದಂತೂ ಒಂದು ಪೈಸೆಯೂ ಬೇಡ. ಹೂವಿನ ಹಾರ, ಆಯಾರದ ಬಟ್ಟೆ ಕೂಡಾ ಬೇಡ.

ನಿಜವಾಗಿ ಕೈ ಹಿಡಿಯುವ ಕೆಲಸ ಎರಡಿವೆ. ಒಂದು, ಅಪ್ಪನ ಹೆಸರು ಆಧಾರ್‌ನಲ್ಲಿ ಬಸವರಾಜ, ಪಾಸ್‌ಬುಕ್ಕಿನಲ್ಲಿ ಬಸಪ್ಪ. ಮರಣ ನೋಂದಣಿಗೆ 21 ದಿನದ ಅವಧಿ, ನಮಗೆ 24ರವರೆಗೆ ಇದೆ, ಅದನ್ನು ತಮ್ಮ ಓಡಾಡಿ ಮಾಡಿಸುತ್ತಾನೆ. ಬ್ಯಾಂಕಿನವರು ಮಾತ್ರ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಕೇಳಿದ್ದಾರೆ. ಮಹಾಂತೇಶಣ್ಣ, ನಿಮ್ಮ ಕಾಕಾ ಅವರಿಗೆ ಮಾಡಿಸಿದ್ದರ ಝೆರಾಕ್ಸ್ ಇದ್ದರೆ ಫೋಟೋ ತೆಗೆದು ಕಳಿಸಿ, ಒಕ್ಕಣೆ ಸಾಕು.

ಎರಡನೆಯದು 13ನೇ ತಾರೀಖು, ಹನ್ನೊಂದನೇ ದಿನದ ಶಿವಗಣಾರಾಧನೆ. ಮೇ ತಿಂಗಳಲ್ಲಿ ಈ ಊರಿನಲ್ಲಿ ಕುಡಿಯುವ ನೀರಿಗೆ ಪರದಾಟ. ಸಲೀಂಭಾಯಿ, ಸಾಹೇಬರು ಒಪ್ಪಿದರೆ ಗಾಡಿಯಲ್ಲಿ 20 ಲೀಟರಿನ ಇಪ್ಪತ್ತೈದು ಕ್ಯಾನ್ ಬೆಳಿಗ್ಗೆ 8ರೊಳಗೆ ತಂದು ಇಳಿಸುತ್ತೀರಾ? ಡೀಸೆಲ್, ಕ್ಯಾನಿನ ಠೇವಣಿ ಎರಡೂ ನನ್ನದು. ಹಮಾಲರೂ ಅವತ್ತೇ ಬರಲಿ, ಪಂಗತಿಯಲ್ಲಿ ಕೂತು ಉಂಡು ಹೋಗಲಿ. ಬಡಿಸಲು ನಾಲ್ಕು ಮಂದಿ ಹುಡುಗರು 11 ಗಂಟೆಗೆ ಬಂದರೆ ಒಳ್ಳೆಯದು.

16ಕ್ಕೆ ಕೆಲಸಕ್ಕೆ ಬರುತ್ತೇನೆ. ಬಂದ ದಿನ ಸಾಲಾಗಿ ಟೇಬಲ್ಲಿಗೆ ಬಂದು ಕೈ ಹಿಡಿಯಬೇಡಿ, ಲೆಡ್ಜರ್ ಮುಂದಿಟ್ಟುಕೊಂಡು ಅಳಲು ನನಗೆ ಇಷ್ಟವಿಲ್ಲ. ದಿನದಂತೆ ಮಾತಾಡಿ, ನಗುವುದಿದ್ದರೆ ನಗಿ, ನಾನು ಬಂದೆ ಅಂತ ಮಾತು ನಿಲ್ಲಿಸಬೇಡಿ. ಒಂದು ವಾರ ರೈತರ ಕೌಂಟರಿಗೆ ಬೇರೆ ಯಾರಾದರೂ ಕೂರಲಿ. ಅಪ್ಪನನ್ನು ಬಲ್ಲವರು ಬಹಳ ಮಂದಿ ಬರುತ್ತಾರೆ, ಪ್ರತಿಯೊಬ್ಬರಿಗೂ ಮೊದಲಿಂದ ಹೇಳಬೇಕಾಗುತ್ತದೆ. ಒಳಗಿನ ಕೆಲಸ ನನಗೆ ಪೂರ್ತಿ ಕೊಡಿ, ಪಾಪ ಅಂತ ಮುಚ್ಚಿಡಬೇಡಿ. ಆದರೆ 50,000 ರೂಪಾಯಿ ಮೇಲಿನ ವೋಚರುಗಳನ್ನು ತಿಂಗಳ ಕೊನೆಯವರೆಗೆ ಇನ್ನೊಬ್ಬರು ನೋಡಿಯೇ ಸಹಿಗೆ ಕಳಿಸಿ. ನಿದ್ದೆಯಿಲ್ಲದ ಕಣ್ಣಿಗೆ ಸೊನ್ನೆ ಹೆಚ್ಚು ಕಡಿಮೆ ಕಾಣುತ್ತವೆ.

ಫೋನು ರಾತ್ರಿ 8ಕ್ಕೆ ಒಂದು ಸಲ ನೋಡುತ್ತೇನೆ. ಮೆಸೇಜು ಬರೆದಿಡಿ, ನಾನು ಉತ್ತರ ಬರೆಯದಿದ್ದರೆ ಮತ್ತೆ ಕಳಿಸಬೇಡಿ, ಓದಿರುತ್ತೇನೆ.

ನಿಮ್ಮ,
ಶಿವಲೀಲಾ
ಲೆಕ್ಕಪತ್ರ ವಿಭಾಗ
ಮೇ 5