ವಿಷಯ: ಶಿರಸಿ ಖರೀದಿ ಕೇಂದ್ರದ ಉಸ್ತುವಾರಿ ಹುದ್ದೆ – ನನಗೆ ಬೇಡ, ಮಂಜುನಾಥ ಅವರನ್ನು ನೋಡಿ

ವೀಣಾ ಅವರಿಗೆ ನಮಸ್ಕಾರ.

ಶುಕ್ರವಾರ ನೀವು ಕಳಿಸಿದ ಹುದ್ದೆಯ ವಿವರ ಪೂರ್ತಿ ಓದಿದೆ. ನಾನು ಈ ಕೆಲಸಕ್ಕೆ ಬರುವುದಿಲ್ಲ. ಸಂಬಳದ ಮಾತಲ್ಲ, ಹಾಗಾಗಿ ಅದನ್ನು ಏರಿಸಿ ಮತ್ತೆ ಕೇಳುವ ಶ್ರಮ ಬೇಡ. ನನ್ನದು ಲೆಕ್ಕಪತ್ರದ ಕೆಲಸ. ನಿಮಗೆ ಬೇಕಾದದ್ದು ಅಂಗಳದಲ್ಲಿ ನಿಂತು ಅಡಿಕೆ ನೋಡುವವರು. ಈ ಹುದ್ದೆಯ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ.

ನೀವು ಬರೆದಿರುವ ಕೆಲಸವನ್ನೇ ಒಂಬತ್ತು ವರ್ಷದಿಂದ ಮಾಡುತ್ತಿರುವ ಸ್ನೇಹಿತರೊಬ್ಬರಿದ್ದಾರೆ. ಹೆಸರು ಮಂಜುನಾಥ, ಶಿರಸಿಯವರೇ, ಬಿಕಾಂ ಓದಿದವರು. ನಿನ್ನೆ ಸಂಜೆ ಅವರಿಗೆ ನಿಮ್ಮ ವಿವರ ತೋರಿಸಿ, ಹೆಸರು ಕೊಡಲು ಒಪ್ಪಿಗೆ ಪಡೆದಿದ್ದೇನೆ. ಅವರ ರೆಸ್ಯೂಮ್ ಇದರ ಜೊತೆಗಿದೆ. ಫೋನ್ ನಂಬರನ್ನು ನಿಮ್ಮ ವಾಟ್ಸ್ಆ್ಯಪ್‌ಗೆ ಬೇರೆಯಾಗಿ ಹಾಕಿದ್ದೇನೆ, ಯಾಕೆಂದರೆ ಈ ಮೇಲ್ ನಿಮ್ಮ ಕಂಪನಿಯಲ್ಲಿ ನಾಲ್ಕು ಕೈ ದಾಟಬಹುದು. ನಂಬರು ನಿಮ್ಮ ಹತ್ತಿರವೇ ಇರಲಿ.

ನನಗೆ ಅವರು ಕಾಲೇಜಿನಿಂದ ಪರಿಚಯ. ಅದಕ್ಕಿಂತ ಮುಖ್ಯವಾದದ್ದು, ನಾಲ್ಕು ವರ್ಷ ಒಂದೇ ವಖಾರಿಯಲ್ಲಿ ಇದ್ದೆವು. ಅವರು ಬರೆದ ಚೀಟಿಯಿಂದಲೇ ನಾನು ಪಾವತಿಯ ಲೆಕ್ಕ ಹಾಕುತ್ತಿದ್ದೆ. ಕೆಳಗೆ ಬರೆದದ್ದರಲ್ಲಿ ಕೆಲಸದ ಮಾತೆಲ್ಲ ಆ ನಾಲ್ಕು ವರ್ಷದ್ದು. ಅದರಾಚೆಗಿನದನ್ನು ಅವರನ್ನೇ ಕೇಳಿ.

ರೆಸ್ಯೂಮ್ ನೋಡಿದರೆ ನಿಮಗೆ ಆಸಕ್ತಿ ಹುಟ್ಟಲಿಕ್ಕಿಲ್ಲ. ಹುದ್ದೆಯ ಹೆಸರು 'ಗುಮಾಸ್ತ' ಎಂದಿದೆ. ಇಲ್ಲಿನ ವಖಾರಿಗಳಲ್ಲಿ ಲೆಕ್ಕ ಬರೆಯುವವರೂ ಗುಮಾಸ್ತರೇ, ಐವತ್ತು ಕ್ವಿಂಟಾಲಿನ ಖರೀದಿಗೆ ರೇಟು ಕಟ್ಟುವವರೂ ಗುಮಾಸ್ತರೇ. ಮಂಜುನಾಥ ಎರಡನೆಯ ಬಗೆ. ಮೊದಲ ಮೂರು ವರ್ಷ ಅಡಿಕೆ ಆರಿಸುವ ಹೆಂಗಸರ ಮೇಲ್ವಿಚಾರಣೆ, ಆಮೇಲಿನ ಆರು ವರ್ಷ ಟೆಂಡರಿಗೆ ಲಾಟ್ ನೋಡಿ ರೇಟು ಬರೆಯುವ ಕೆಲಸ. ರೆಸ್ಯೂಮ್‌ನಲ್ಲಿ 'ಮ್ಯಾನೇಜರ್' ಎಂಬ ಪದವನ್ನು ಹುಡುಕುವ ಸಾಫ್ಟ್‌ವೇರ್ ನಿಮ್ಮಲ್ಲಿದ್ದರೆ ಇವರ ಹೆಸರು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ದಯವಿಟ್ಟು ಕೈಯಿಂದಲೇ ಮುಂದಕ್ಕೆ ಸೇರಿಸಿ.

ಈಗ ಅವರಿಗೆ ಏನು ಬರುತ್ತದೆ ಎಂಬುದು. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಹೆಸರನ್ನು ಶಿರಸಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಲಾಟಿನಲ್ಲಿ ಯಾವುದರೊಳಗೆ ಯಾವುದು ಸೇರಿದೆ, ಸೇರಿದ್ದಕ್ಕೆ ರೇಟು ಎಷ್ಟು ಇಳಿಯಬೇಕು ಎಂಬುದರಲ್ಲಿ ಇವರ ಕಣ್ಣು ಪಳಗಿದೆ. ಚಾಲಿಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಒಣಗಿಸಲು ಸುಮಾರು ನಲವತ್ತು ದಿನ ಬೇಕು. ಮೋಡ ಕವಿದ ವರ್ಷ ಬೆಳೆಗಾರರು ಮೂವತ್ತಕ್ಕೇ ಸುಲಿದುಬಿಡುತ್ತಾರೆ. ಹೊರಗಿನಿಂದ ಅಡಿಕೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಇರುತ್ತದೆ. ಮಂಜುನಾಥ ಚೀಲದ ಬಾಯಿಯ ಅಡಿಕೆ ಮುಟ್ಟುವುದಿಲ್ಲ. ನಡುವಿನಿಂದ ಮತ್ತು ತಳದಿಂದ ತೆಗೆದು ಅಡಕತ್ತರಿಯಿಂದ ಸೀಳುತ್ತಾರೆ. ರಾಶಿಯಲ್ಲಿ ಸಮಸ್ಯೆ ಬೇರೆ. ಬಣ್ಣಕ್ಕೆ ಹಚ್ಚುವ ಚೊಗರು ದಪ್ಪಗೆ ಹತ್ತಿದ್ದರೆ ಮೇಲಿನ ಹೊಳಪಿನಲ್ಲಿ ಕೆಟ್ಟ ತುಂಡು ಅಡಗಿಬಿಡುತ್ತದೆ. ಅಲ್ಲೂ ಸೀಳಿಯೇ ನೋಡುತ್ತಾರೆ.

ಇದಕ್ಕೆ ಯಾಕೆ ಇಷ್ಟು ಒತ್ತು ಎಂದರೆ, ಲೆಕ್ಕ ಹೀಗಿದೆ. ಕ್ವಿಂಟಾಲಿಗೆ 40,000 ರೂಪಾಯಿ ಎಂದು ಸುಮ್ಮನೆ ಇಟ್ಟುಕೊಳ್ಳಿ. ಕೊಂಡ ಮಾಲು ನಿಮ್ಮ ಗೋದಾಮಿನಲ್ಲಿ ಒಣಗಿ ನೂರಕ್ಕೆ 2 ಕೆಜಿ ತೂಕ ಕಳೆದರೆ ಕ್ವಿಂಟಾಲಿಗೆ 800 ರೂಪಾಯಿ, 50 ಕ್ವಿಂಟಾಲಿನ ಲೋಡಿಗೆ 40,000 ರೂಪಾಯಿ. ಒಂದು ಲೋಡಿನಲ್ಲಿ ಒಬ್ಬರ ಒಂದು ತಿಂಗಳ ಸಂಬಳ ಆವಿಯಾಗಿ ಹೋಯಿತು. ನಮ್ಮ ಮಳೆಗಾಲದಲ್ಲಿ ಇದೇ ಉಲ್ಟಾ: ಗೋಣಿಚೀಲವೇ ತೇವ ಹೀರಿ ಭಾರವಾಗುತ್ತದೆ. ಆಗ ಖಾಲಿ ಚೀಲವನ್ನೂ ತೂಗಿ ಕಳೆಯದಿದ್ದರೆ ನೀರಿಗೆ ಅಡಿಕೆ ರೇಟು ಕೊಟ್ಟ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವರು ಪ್ರತಿ ಲಾಟಿನ ಚೀಟಿಯಲ್ಲಿ ಚೀಲದ ತೂಕವನ್ನು ಬೇರೆ ಬರೆಯುತ್ತಿದ್ದರು. ನನ್ನ ಮೇಜಿಗೆ ಬಂದ ಎಲ್ಲ ಚೀಟಿಗಳಲ್ಲಿ ಆ ಕಾಲಂ ತುಂಬಿರುತ್ತಿದ್ದುದು ಇವರೊಬ್ಬರದೇ.

ಟೆಂಡರಿನಲ್ಲಿ ಇನ್ನೊಂದು ಅಭ್ಯಾಸ. ಕಂಪ್ಯೂಟರಿಗೆ ರೇಟು ಹಾಕುವ ಮೊದಲು ಕಾಗದದಲ್ಲಿ ಲಾಟ್ ನಂಬರು, ರೇಟು ಬರೆದಿಟ್ಟುಕೊಂಡು, ಒಬ್ಬರು ಓದುವಾಗ ಇನ್ನೊಬ್ಬರು ಟೈಪ್ ಮಾಡುವಂತೆ ಮಾಡುತ್ತಾರೆ. ಲಾಟ್ 117ರ ರೇಟು 171ಕ್ಕೆ ಬಿದ್ದರೆ ಬೇಡದ ಮಾಲು ಮೈಮೇಲೆ ಬರುತ್ತದೆ. ಇಬ್ಬರ ಕೆಲಸ ಅಂತ ನಿಮ್ಮವರಿಗೆ ದಂಡ ಎನಿಸಬಹುದು, ದಯವಿಟ್ಟು ಬಿಡಿಸಬೇಡಿ.

ಕಾಳುಮೆಣಸೂ ಬರುತ್ತದೆ, ಆದರೆ ಅಡಿಕೆಯಷ್ಟಲ್ಲ. ಲೀಟರ್ ತೂಕ ನೋಡುವುದು, ಜೊಳ್ಳು ಗಾಳಿಗೆ ತೂರಿ ಬೇರೆ ಮಾಡುವುದು, ತೇವದ ಮೀಟರ್ ಹಿಡಿಯುವುದು ಗೊತ್ತು. ಯಲ್ಲಾಪುರ, ಸಿದ್ದಾಪುರದ ಮಾರುಕಟ್ಟೆ ಪರಿಚಿತ. ಕುಮಟಾದ ಅಡಿಕೆ ಬಗೆಗಳಾದ ಚಿಪ್ಪು, ಕೋಕಾ ಅವರ ಕೈಯಲ್ಲಿ ಹೆಚ್ಚು ಓಡಾಡಿದ್ದಲ್ಲ. ಅಲ್ಲಿನ ಖರೀದಿ ಮುಖ್ಯವಾದರೆ ಒಂದು ಸೀಸನ್ ಕಲಿಯಲು ಬಿಡಿ.

ಇನ್ನು ಕೊರತೆಗಳು. ಮುಚ್ಚಿಟ್ಟರೆ ಎರಡನೇ ಸುತ್ತಿನಲ್ಲಿ ಹೊರಬಿದ್ದು ಮೇಲಿನದೆಲ್ಲ ಸುಳ್ಳೆನಿಸುತ್ತದೆ.

ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಸಣ್ಣ ಮೇಲ್ ಬರೆಯುತ್ತಾರೆ. ಹತ್ತು ಜನರೆದುರು ನಿಂತು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿ ಎಂದರೆ ತಡವರಿಸುತ್ತಾರೆ. ಹಿಂದಿ ಸಲೀಸು, ಹೊರ ರಾಜ್ಯದ ವ್ಯಾಪಾರಿಗಳ ಜೊತೆ ಅದರಲ್ಲೇ ಮಾತು. ಎಕ್ಸೆಲ್‌ನಲ್ಲಿ ಮೊತ್ತ, ಫಿಲ್ಟರ್, ದಿನದ ಸ್ಟಾಕ್ ಶೀಟ್ ಮಾಡುತ್ತಾರೆ. ನಿಮ್ಮ ವಿವರದಲ್ಲಿರುವ ಪಿವಟ್ ಟೇಬಲ್ ಬರುವುದಿಲ್ಲ. ಮತ್ತೊಂದು, ಬೆಳೆಗಾರರ ಜೊತೆ ನಿಂತರೆ ಬೇಗ ಬಿಡುವುದಿಲ್ಲ. ಯಾಕೆ ರೇಟು ಕಡಿಮೆ ಎಂದು ವಯಸ್ಸಾದವರು ಕೇಳಿದರೆ ಅಡಿಕೆ ಸೀಳಿ ತೋರಿಸಿ ವಿವರಿಸುತ್ತಾರೆ. ಮಾಲೀಕರಿಗೆ ಅದು ನಿಧಾನ ಎನಿಸುತ್ತದೆ. ಮುಂದಿನ ಸಲ ಆ ಬೆಳೆಗಾರರು ಮಾಲನ್ನು ಅದೇ ಅಂಗಳಕ್ಕೆ ತರುತ್ತಾರೆ ಎಂಬುದೂ ನಿಜ, ಆದರೆ ದಿನಕ್ಕೆ ಇಷ್ಟೇ ಲಾಟ್ ಎಂಬ ಗುರಿ ನಿಮ್ಮಲ್ಲಿದ್ದರೆ ಮೊದಲೇ ಹೇಳಿ. ಕಾರು ಓಡಿಸುತ್ತಾರೆ, ರಾತ್ರಿ ಘಟ್ಟ ಇಳಿಯಲು ಒಪ್ಪುವುದಿಲ್ಲ. ಮಳೆಗಾಲದ ದೇವಿಮನೆ ಘಟ್ಟ ನೋಡಿದವರಾರೂ ಅದನ್ನು ತಪ್ಪು ಎನ್ನಲಾರರು.

ಅವರನ್ನು ಅಳೆಯಲು ಪ್ರಶ್ನೆಗಿಂತ ಅಡಿಕೆಯೇ ಒಳ್ಳೆಯದು. ಸಂದರ್ಶನ ಹುಬ್ಬಳ್ಳಿಯಲ್ಲಾದರೂ ಸರಿ, ಶಿರಸಿಯಿಂದ ನಾಲ್ಕು ಮಾದರಿ ತರಿಸಿಕೊಳ್ಳಿ: ಹೊಸ ಚಾಲಿ, ಹಳೆ ಚಾಲಿ, ಬಿಳೆಗೋಟು, ರಾಶಿ, ತಲಾ ಅರ್ಧ ಕೆಜಿ. ಹಳೆ ಚಾಲಿಯೊಳಗೆ ಒಂದು ಹಿಡಿ ಹೊಸದನ್ನೂ, ಹೊಸದರೊಳಗೆ ಒಂದು ಹಿಡಿ ಬಿಳೆಗೋಟನ್ನೂ ಬೆರೆಸಿಡಿ. ಒಂದು ಅಡಕತ್ತರಿ, ಬಿಳಿ ಕಾಗದ, ಇಪ್ಪತ್ತು ನಿಮಿಷ ಕೊಡಿ. ಪ್ರತಿ ಮಾದರಿಯಿಂದ 50 ಅಡಿಕೆ ಸೀಳಿ ಎಷ್ಟು ಕೆಟ್ಟಿವೆ ಎಂದು ಬರೆಯಲಿ. ಮೂರು ಕೆಟ್ಟಿದ್ದರೆ ಶೇಕಡಾ ಆರು. ಆ ಆರಕ್ಕೆ ರೇಟು ಎಷ್ಟು ಇಳಿಸುತ್ತೀರಿ, ಯಾಕೆ ಎಂದು ಕೇಳಿ. ಬೇರೆ ಅಭ್ಯರ್ಥಿಗಳಿಗೂ ಇದೇ ಚೀಲ ಕೊಟ್ಟರೆ ನನ್ನ ಶಿಫಾರಸು ನಿಮಗೆ ಬೇಕಾಗುವುದೇ ಇಲ್ಲ. ಮಾದರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ದಿನಗಟ್ಟಲೆ ಇಡಬೇಡಿ, ಬೂಷ್ಟು ಬಂದು ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ.

ಸಂಪರ್ಕಿಸುವಾಗ ಮೂರು ವಿಷಯ ಗಮನದಲ್ಲಿರಲಿ. ಟೆಂಡರ್ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಫೋನ್ ಮಾಡಬೇಡಿ. ಪಕ್ಕದಲ್ಲಿ ಮಾಲೀಕರೂ ಇರುತ್ತಾರೆ, ಬೇರೆ ವಖಾರಿಯವರೂ ಇರುತ್ತಾರೆ. ಶಿರಸಿ ಪೇಟೆಯಲ್ಲಿ ಸುದ್ದಿ ಸಂಜೆಯೊಳಗೆ ಊರು ಸುತ್ತುತ್ತದೆ. ರಾತ್ರಿ ಏಳರ ಮೇಲೆ ಮಾಡಿ, ಅದಕ್ಕೂ ಮೊದಲು ಒಂದು ಮೆಸೇಜ್ ಹಾಕಿ. ಮನೆ ಇರುವುದು ಸಿದ್ದಾಪುರ ರಸ್ತೆಯ ಒಳಹಳ್ಳಿಯಲ್ಲಿ, ಕರೆಂಟ್ ಹೋದರೆ ಟವರೂ ಹೋಗುತ್ತದೆ. 'ನಾಟ್ ರೀಚಬಲ್' ಬಂದರೆ ಆಸಕ್ತಿ ಇಲ್ಲ ಎಂದು ಬರೆದುಕೊಳ್ಳಬೇಡಿ. ಆಫರ್ ಪತ್ರ ಕೈಗೆ ಬರುವವರೆಗೆ ಈಗಿನ ಮಾಲೀಕರನ್ನು ವಿಚಾರಿಸಲೇಬೇಡಿ. ಅಷ್ಟರಲ್ಲಿ ಯಾರನ್ನಾದರೂ ಕೇಳಲೇಬೇಕೆಂದರೆ ನನ್ನನ್ನು ಕೇಳಿ, ಅರ್ಧ ಗಂಟೆ ಮಾತಾಡಲು ತಯಾರಿದ್ದೇನೆ.

ಸಂಬಳ: ನೀವು ನನಗೆ ಹೇಳಿದ 45,000ದಿಂದ 52,000ವನ್ನು ಅವರಿಗೆ ಹಾಗೆಯೇ ತಿಳಿಸಿದ್ದೇನೆ. ಫೋನಿನಲ್ಲಿ ಅದಕ್ಕಿಂತ ಕೆಳಗಿನ ಅಂಕಿಯಿಂದ ಶುರು ಮಾಡಿದರೆ ಅವರಿಗೆ ಗೊತ್ತಾಗುತ್ತದೆ. ಈಗ ಎಷ್ಟು ಪಡೆಯುತ್ತಾರೆ ಎಂಬುದು ನನಗೆ ಗೊತ್ತು, ಆದರೆ ಹೇಳಬೇಕಾದವರು ಅವರು.

ನೋಟಿಸ್ 45 ದಿನ. ದೀಪಾವಳಿಗೆ ವಖಾರಿಗಳಲ್ಲಿ ಲಕ್ಷ್ಮೀಪೂಜೆ, ಹೊಸ ಪುಸ್ತಕ. ಅದರ ಹಿಂದಿನ ಸ್ಟಾಕ್ ಎಣಿಕೆಯನ್ನು ಅರ್ಧಕ್ಕೆ ಬಿಟ್ಟು ಬರುವವರಲ್ಲ. ಸೆಪ್ಟೆಂಬರ್ ಮೊದಲ ವಾರದೊಳಗೆ ಆಫರ್ ಕೊಟ್ಟರೆ ಎಣಿಕೆ ಒಪ್ಪಿಸಿ ಹಬ್ಬ ಕಳೆದ ಮೇಲೆ ಬರುತ್ತಾರೆ, ರಾಶಿ ಬರುವ ಹೊತ್ತಿಗೆ ನಿಮ್ಮ ಅಂಗಳದಲ್ಲಿರುತ್ತಾರೆ. ಅಕ್ಟೋಬರಿಗೆ ಎಳೆದರೆ ಅವರ ನೋಟಿಸೂ ನಿಮ್ಮ ಮೊದಲ ಖರೀದಿಯೂ ಒಂದರ ಮೇಲೊಂದು ಬೀಳುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ರಜೆ ಕೇಳುತ್ತಾರೆ. ಅದನ್ನು ಕೊಡದ ಶಿರಸಿಯ ಕೆಲಸಕ್ಕೆ ಶಿರಸಿಯವರು ಸಿಗುವುದಿಲ್ಲ.

ಅವರು ಆಯ್ಕೆಯಾದರೆ ಪರಿಚಯಿಸಿದವರಿಗೆ ಹಣವಿದೆ ಎಂದು ಬರೆದಿದ್ದಿರಿ. ನನಗೆ ಬೇಡ, ಮಂಜುನಾಥ ಅವರಿಗೂ ಹೀಗೆ ಹೇಳಿಯೇ ಹೆಸರು ಕೊಟ್ಟಿದ್ದೇನೆ. ಅದರ ಬದಲು ಒಂದು ಕೇಳಿಕೊಳ್ಳುತ್ತೇನೆ: ಆಯ್ಕೆ ಆಗದಿದ್ದರೂ ಆಗಲಿಲ್ಲ ಎಂದು ಅವರಿಗೊಂದು ಸಾಲು ತಿಳಿಸಿ. ಉತ್ತರ ಕಾಯುತ್ತಾ ಅವರು ಇನ್ನೊಂದು ಕಡೆ ಬಂದ ಮಾತನ್ನು ತಡೆದಿಟ್ಟುಕೊಳ್ಳುವುದು ಬೇಡ.

ಗುರುವಾರ ರಾತ್ರಿ ಏಳೂವರೆಗೆ ಬಿಡುವಾಗಿರುತ್ತೇನೆ ಎಂದಿದ್ದಾರೆ. ಆ ಹೊತ್ತು ನಿಮಗಾದರೆ ಅವರಿಗೇ ನೇರವಾಗಿ ಮೆಸೇಜ್ ಹಾಕಿ. ನಡುವೆ ನಾನು ಬೇಡ.

ಇಂತು,
ಶ್ರೀಧರ
ಶಿರಸಿ, ಆಗಸ್ಟ್ 18

ಲಗತ್ತು: ಮಂಜುನಾಥ ಅವರ ರೆಸ್ಯೂಮ್, 2 ಪುಟ